ವಿಚಾರಣೆ ಬಂದ ದಾರಿ ಯಾವುದು? – ಜಾಲತಾಣದ ಫಲವನ್ನು ಲೆಕ್ಕಕ್ಕೆ ತರುವ ಸರಳ ಕ್ರಮ

ಸ್ವಂತ ಉದ್ಯೋಗವನ್ನು ಕೈಗೊಂಡವರು ಸಾಲಕ್ಕಾಗಿ ಬ್ಯಾಂಕಿಗೆ ಬಂದಾಗ ತಮ್ಮ ಖರ್ಚಿನ ಪಟ್ಟಿಯಲ್ಲಿ ಬಾಡಿಗೆ, ಸಂಬಳ, ವಿದ್ಯುತ್ತು ಇವುಗಳ ಜೊತೆಗೆ ‘ಜಾಲತಾಣ ಮತ್ತು ಜಾಹೀರಾತು’ ಎಂಬ ಒಂದು ಬಾಬನ್ನೂ ಈಗ ತಪ್ಪದೆ ತೋರಿಸುತ್ತಾರೆ. ಬಾಡಿಗೆ ಏತಕ್ಕೆ, ಸಂಬಳ ಯಾರಿಗೆ ಎಂದು ಕೇಳಿದರೆ ಅವರಲ್ಲಿ ಸ್ಪಷ್ಟವಾದ ಉತ್ತರವಿರುತ್ತದೆ. ಆದರೆ ಜಾಲತಾಣದಿಂದ ತಿಂಗಳಿಗೆ ಎಷ್ಟು ಮಂದಿ ಗಿರಾಕಿಗಳು ಬಂದರು ಎಂದು ಕೇಳಿದರೆ, “ಬಹಳ ಜನ ಬರುತ್ತಾರೆ, ಈಗ ಎಲ್ಲರೂ ಗೂಗಲ್ ನೋಡಿಯೇ ಬರುವುದು” ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದಿಲ್ಲ. ಈ ಒಂದು ಬಾಬಿನಲ್ಲಿ ಮಾತ್ರ ಖರ್ಚು ಅಂಕಿಯಲ್ಲಿದ್ದು ಫಲವು ಅಂದಾಜಿನಲ್ಲಿ ಉಳಿದಿರುತ್ತದೆ. ಆ ಫಲವನ್ನೂ ಅಂಕಿಗೆ ಇಳಿಸುವ ಕ್ರಮವೊಂದನ್ನು ಸೋದಾಹರಣವಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕೆ ಬೇಕಾದ ಸಾಮಗ್ರಿಗಳು ಮೂರೇ ಮೂರು: ಇನ್ನೊಂದು ದೂರವಾಣಿ ಸಂಖ್ಯೆ, ಜಾಲತಾಣದ ನಮೂನೆಯಲ್ಲಿ ಒಂದು ಹೆಚ್ಚಿನ ಅಂಕಣ ಹಾಗೂ ಒಂದು ನೋಟು ಪುಸ್ತಕ.

ಹಳೆಯ ಉಪಾಯದ ಹೊಸ ರೂಪ

ಈ ವಿಚಾರ ಹೊಸದೇನೂ ಅಲ್ಲ. ಅಂಚೆಯ ಮೂಲಕ ವ್ಯಾಪಾರ ಮಾಡುತ್ತಿದ್ದ ಸಂಸ್ಥೆಗಳು ಹತ್ತು ಪತ್ರಿಕೆಗಳಲ್ಲಿ ಒಂದೇ ಜಾಹೀರಾತನ್ನು ಕೊಟ್ಟಾಗ, ಪ್ರತಿಯೊಂದರಲ್ಲಿಯೂ ವಿಳಾಸದ ಜೊತೆಗೆ ಬೇರೆ ಬೇರೆ ವಿಭಾಗ ಸಂಖ್ಯೆಯನ್ನು ಮುದ್ರಿಸುತ್ತಿದ್ದವು. ವಾಸ್ತವದಲ್ಲಿ ಅಂತಹ ವಿಭಾಗಗಳು ಇರುತ್ತಿರಲಿಲ್ಲ. ಲಕೋಟೆಯ ಮೇಲಿನ ಸಂಖ್ಯೆಯನ್ನು ನೋಡಿದೊಡನೆ ಈ ಪತ್ರ ಯಾವ ಪತ್ರಿಕೆಯ ಓದುಗನಿಂದ ಬಂದಿತು ಎಂಬುದು ತಿಳಿಯಲೆಂದು ಮಾಡಿದ ಏರ್ಪಾಡು ಅದು. ಕತ್ತರಿಸಿ ಕಳುಹಿಸುವ ಕೂಪನ್ನಿನ ಮೂಲೆಯಲ್ಲಿದ್ದ ಸಣ್ಣ ಅಕ್ಷರಗಳಿಗೂ ಇದೇ ಉದ್ದೇಶ. ಅಮೆರಿಕದ ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ಪ್ರಕಟಿಸಿದ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಎಂಬ ಪುಸ್ತಕದಲ್ಲಿ, ಜಾಹೀರಾತಿನ ಫಲವನ್ನು ಹೀಗೆ ಗುರುತು ಹಾಕಿದ ಕೂಪನ್ನುಗಳ ಮೂಲಕ ಎಣಿಸಬೇಕೆಂಬುದನ್ನೇ ಮುಖ್ಯವಾಗಿ ಪ್ರತಿಪಾದಿಸಿದ್ದಾನೆ. ಇಂದಿನ ಜಾಲತಾಣಗಳ ವಿಳಾಸದ ಬಾಲಕ್ಕೆ `utm_source` ಎಂದು ಸೇರಿಸುವ ಗುರುತು ಈ ವಿಭಾಗ ಸಂಖ್ಯೆಯ ಮೊಮ್ಮಗನೇ ಸರಿ. ಅದರಲ್ಲಿನ ಮೊದಲ ಅಕ್ಷರವು ‘ಅರ್ಚಿನ್’ ಎಂಬ ಸಂಸ್ಥೆಯ ಹೆಸರಿನಿಂದ ಬಂದದ್ದು. ಆ ಸಂಸ್ಥೆಯನ್ನು ಗೂಗಲ್ 2005ರಲ್ಲಿ ಕೊಂಡುಕೊಂಡಿತು.

ಒಂದು ಉದಾಹರಣೆ

ವಿಷಯವು ಸ್ಪಷ್ಟವಾಗಲು ನಮ್ಮ ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಒಂದು ಸಣ್ಣ ಫಿಸಿಯೋಥೆರಪಿ ಚಿಕಿತ್ಸಾಲಯವನ್ನು ಕಲ್ಪಿಸಿಕೊಳ್ಳೋಣ. ಸುತ್ತಲೂ ಗಣಕಯಂತ್ರದ ಕಚೇರಿಗಳು. ಇಡೀ ದಿನ ಕುರ್ಚಿಯಲ್ಲಿ ಕುಳಿತು ಕತ್ತು, ಸೊಂಟಗಳ ನೋವಿಗೆ ಗುರಿಯಾದವರು ಟೆಲಿಕಾಂ ನಗರ, ಕೊಂಡಾಪುರ, ನಾನಕ್‌ರಾಮ್‌ಗೂಡಗಳಿಂದ ಬರತಕ್ಕವರು. ಚಿಕಿತ್ಸಾಲಯದ ಒಡತಿ ಕಲಬುರಗಿಯ ಕಡೆಯವರು, ಸ್ವತಃ ಫಿಸಿಯೋಥೆರಪಿಸ್ಟ್. ಮುಂಭಾಗದ ಮೇಜಿನಲ್ಲಿ ಒಬ್ಬ ಸಹಾಯಕಿ. ಒಂದು ಬಾರಿಯ ಚಿಕಿತ್ಸೆಗೆ 600 ರೂಪಾಯಿ; ಒಬ್ಬ ರೋಗಿಗೆ ಸಾಮಾನ್ಯವಾಗಿ 10 ಬಾರಿ, ಅಂದರೆ 6,000 ರೂಪಾಯಿ. ಜಾಲತಾಣದ ನಿರ್ವಹಣೆಗೆ ವರ್ಷಕ್ಕೆ 9,000 ರೂಪಾಯಿ. ಇದಲ್ಲದೆ ಗೂಗಲ್ ಹುಡುಕಾಟದ ಪುಟದಲ್ಲಿ ಮೇಲ್ಗಡೆ ಕಾಣಿಸುವ ಜಾಹೀರಾತಿಗೆ ತಿಂಗಳಿಗೆ 12,000 ರೂಪಾಯಿ. ಈ ಜಾಹೀರಾತನ್ನು ತಿಂಗಳಿಗೆ 30,000ಕ್ಕೆ ಏರಿಸಬೇಕು, ಅದಕ್ಕಾಗಿ ಓವರ್‌ಡ್ರಾಫ್ಟ್ ಪಡೆಯಬೇಕು ಎಂಬುದು ಅವರ ಆಲೋಚನೆ. ಹಾಗೆ ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದರೆ, ಈಗಿನ 12,000 ರೂಪಾಯಿ ಯಾರನ್ನು ಕರೆತರುತ್ತಿದೆ ಎಂಬುದು ಮೊದಲು ಗೊತ್ತಾಗಬೇಕು. ಇದಕ್ಕಾಗಿ ಎರಡು ತಿಂಗಳ ಅವಧಿಯನ್ನು ಗೊತ್ತುಮಾಡಿಕೊಂಡರು ಎನ್ನೋಣ. ಇಲ್ಲಿ ಬರುವ ಅಂಕಿಗಳೆಲ್ಲವೂ ಲೆಕ್ಕದ ಕ್ರಮವನ್ನು ತೋರಿಸಲು ಇಟ್ಟುಕೊಂಡವು ಎಂಬುದನ್ನು ಓದುಗರು ನೆನಪಿನಲ್ಲಿಡತಕ್ಕದ್ದು.

ಮೊದಲನೆಯದು: ಪ್ರತ್ಯೇಕ ದೂರವಾಣಿ ಸಂಖ್ಯೆ

ಚಿಕಿತ್ಸಾಲಯದ ಹಳೆಯ ಸಂಖ್ಯೆ ಬಾಗಿಲಿನ ಫಲಕದ ಮೇಲೆ, ವಿಸಿಟಿಂಗ್ ಕಾರ್ಡಿನಲ್ಲಿ, ರಸೀದಿಗಳಲ್ಲಿ, ಗೂಗಲ್ ಭೂಪಟದಲ್ಲಿ ಮತ್ತು ಹಳೆಯ ರೋಗಿಗಳ ದೂರವಾಣಿಗಳಲ್ಲಿ ಈಗಾಗಲೇ ಇದೆ. ಅದನ್ನು ಮುಟ್ಟಬಾರದು. ಹೊಸದಾಗಿ ಒಂದು ಸಿಮ್ ಪಡೆದು, ಆ ಸಂಖ್ಯೆಯನ್ನು ಜಾಲತಾಣದಲ್ಲಿ ಮಾತ್ರ ಪ್ರಕಟಿಸಬೇಕು. ಬೇರೆಲ್ಲಿಯೂ ಪ್ರಕಟಿಸಬಾರದು ಎಂಬುದರಲ್ಲಿಯೇ ಈ ಉಪಾಯದ ಸತ್ತ್ವವೆಲ್ಲ ಅಡಗಿದೆ.

ಎರಡು ಸಿಮ್ ಹಿಡಿಯುವ ಒಂದೇ ದೂರವಾಣಿಯಲ್ಲಿ ಹಳೆಯದನ್ನೂ ಹೊಸದನ್ನೂ ಇರಿಸಿದರೆ, ಕರೆಗಳ ಪಟ್ಟಿಯಲ್ಲಿ ಪ್ರತಿಯೊಂದು ಕರೆಯ ಪಕ್ಕದಲ್ಲಿ ಅದು 1ನೆಯ ಸಿಮ್‌ಗೆ ಬಂದದ್ದೋ 2ನೆಯದಕ್ಕೋ ಎಂಬ ಗುರುತು ಕಾಣುತ್ತದೆ. ಕೆಲವರು ಹೊಸ ಸಂಖ್ಯೆಯ ಕರೆಗಳನ್ನು ಹಳೆಯ ಸಂಖ್ಯೆಗೆ ವರ್ಗಾಯಿಸಿಬಿಟ್ಟರೆ ಸುಲಭವೆಂದು ಭಾವಿಸುತ್ತಾರೆ. ಇದು ಸರಿಯಾದ ಕ್ರಮವಲ್ಲ. ವರ್ಗಾವಣೆಗೊಂಡ ಕರೆಯಲ್ಲಿ ಕರೆದವರ ಸಂಖ್ಯೆ ಕಾಣುವುದೇ ಹೊರತು, ಅವರು ಯಾವ ಸಂಖ್ಯೆಯನ್ನು ಒತ್ತಿದರು ಎಂಬುದು ಸಾಮಾನ್ಯವಾಗಿ ಕಾಣುವುದಿಲ್ಲ. ನಮಗೆ ಬೇಕಾದ ಸಂಗತಿಯೇ ಅಲ್ಲಿ ಅಳಿಸಿಹೋಗುತ್ತದೆ. ಅಲ್ಲದೆ ವಂಚಕರ ಹಾವಳಿಯ ಕಾರಣದಿಂದ, ನಕ್ಷತ್ರ ಚಿಹ್ನೆಯ ಸಂಕೇತಗಳನ್ನು ಒತ್ತಿ ಕರೆಗಳನ್ನು ವರ್ಗಾಯಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆಯು ಕಂಪನಿಗಳಿಗೆ ಆದೇಶ ನೀಡಿತ್ತು. ದೊಡ್ಡ ಸಂಸ್ಥೆಗಳು ಇದೇ ಕೆಲಸಕ್ಕೆ ತಿಂಗಳ ಬಾಡಿಗೆ ತೆತ್ತು, ಪ್ರತಿ ಕರೆಯನ್ನೂ ತಾನಾಗಿಯೇ ದಾಖಲು ಮಾಡುವ ಸಂಖ್ಯೆಗಳನ್ನು ಪಡೆಯುವುದುಂಟು. ದಿನಕ್ಕೆ ನಾಲ್ಕಾರು ಕರೆಗಳು ಬರುವ ಕಡೆ ಅದು ಅನಾವಶ್ಯಕ.

ಹೊಸ ಸಂಖ್ಯೆಯ ವಿಷಯದಲ್ಲಿ ಬ್ಯಾಂಕಿನವನಾಗಿ ಎರಡು ಎಚ್ಚರಿಕೆಗಳನ್ನು ಹೇಳಬೇಕಾಗಿದೆ. ಸಿಮ್ ಅನ್ನು ಒಡೆಯರ ಹೆಸರಿನಲ್ಲಿಯೇ ಪಡೆಯಬೇಕು, ಸಹಾಯಕಿಯ ಹೆಸರಿನಲ್ಲಲ್ಲ. ಆಕೆ ಕೆಲಸ ಬಿಟ್ಟ ದಿನ ಸಂಖ್ಯೆಯೂ ಹೋಗುತ್ತದೆ. ಮತ್ತು ಆ ಸಂಖ್ಯೆಯನ್ನು ಬ್ಯಾಂಕ್ ಖಾತೆಗೆ ಜೋಡಿಸಬಾರದು. ದಿನವೆಲ್ಲ ಅಪರಿಚಿತರ ಕರೆ, ಸಂದೇಶಗಳು ಬರುವ, ಹಲವರ ಕೈಯಲ್ಲಿ ತಿರುಗುವ ಸಂಖ್ಯೆಯಾದುದರಿಂದ ಒ.ಟಿ.ಪಿ.ಗಳು ಅಲ್ಲಿಗೆ ಬರುವುದು ಕ್ಷೇಮವಲ್ಲ. ಹಣ ತುಂಬದೆ, ಬಳಸದೆ ಬಿಟ್ಟ ಸಂಖ್ಯೆ ರದ್ದಾಗಿ ಕೆಲಕಾಲದ ಮೇಲೆ ಬೇರೊಬ್ಬರ ಪಾಲಾಗುತ್ತದೆ ಎಂಬುದೂ ನೆನಪಿರಲಿ.

ವಾಟ್ಸಾಪಿಗೂ ಇದೇ ಹೊಸ ಸಂಖ್ಯೆಯನ್ನು ಬಳಸಬಹುದು. ಜಾಲತಾಣದ ವಾಟ್ಸಾಪ್ ಗುಂಡಿಗೆ ಕೆಳಗಿನಂತಹ ವಿಳಾಸವನ್ನು ಕೊಟ್ಟರೆ, ಒತ್ತಿದವರ ಪರದೆಯ ಮೇಲೆ ಸಂದೇಶವು ಮೊದಲೇ ಬರೆದು ಸಿದ್ಧವಾಗಿರುತ್ತದೆ.

```
https://wa.me/91XXXXXXXXXX?text=Namaste%20W1
```

ಕೊನೆಯ `W1` ಎಂಬುದು ನಮ್ಮ ‘ವಿಭಾಗ ಸಂಖ್ಯೆ’. ಜಾಹೀರಾತನ್ನು ಒತ್ತಿದವರು ತಲುಪುವ ಪುಟವನ್ನು ಬೇರೆಯಾಗಿ ಮಾಡಿ, ಅಲ್ಲಿ `W1` ಬದಲಿಗೆ `A1` ಎಂದು ಇರಿಸಬೇಕು. ಆ ಪುಟದಲ್ಲಿ ದೂರವಾಣಿ ಸಂಖ್ಯೆಯನ್ನು ಅಚ್ಚು ಮಾಡದೆ, ವಾಟ್ಸಾಪ್ ಗುಂಡಿಯನ್ನೂ ನಮೂನೆಯನ್ನೂ ಮಾತ್ರ ಇಟ್ಟರೆ, ಹಣ ಕೊಟ್ಟ ಜಾಹೀರಾತಿನಿಂದ ಬಂದವರು ಉಳಿದವರೊಡನೆ ಬೆರೆಯುವುದು ಬಹುಮಟ್ಟಿಗೆ ತಪ್ಪುತ್ತದೆ. ಪೂರ್ಣವಾಗಿ ತಪ್ಪುವುದಿಲ್ಲ: ಅಲ್ಲಿಂದ ಮುಖಪುಟಕ್ಕೆ ಹೋಗಿ ಸಂಖ್ಯೆಯನ್ನು ಹುಡುಕಿಕೊಳ್ಳುವವರೂ ಇರುತ್ತಾರೆ. ಈ ಕೊರತೆಯನ್ನು ಲೆಕ್ಕದ ಕೊನೆಯಲ್ಲಿ ಹೇಗೆ ತೂಗಿನೋಡಬೇಕೆಂಬುದನ್ನು ಮುಂದೆ ವಿವರಿಸಲಾಗಿದೆ.

ಎರಡನೆಯದು: ನಮೂನೆಯಲ್ಲಿ ಮೂಲದ ಅಂಕಣ

ಜಾಲತಾಣದಲ್ಲಿ ಹೆಸರು, ದೂರವಾಣಿ, ಅನುಕೂಲವಾದ ವೇಳೆ ಇವುಗಳನ್ನು ತುಂಬಿ ಕಳುಹಿಸುವ ನಮೂನೆ ಇರುತ್ತದೆ. ಅದರಲ್ಲಿ ಓದುಗನಿಗೆ ಕಾಣದಂತಹ ಇನ್ನೊಂದು ಅಂಕಣವನ್ನು ಸೇರಿಸಿ, ಆತ ಯಾವ ದಾರಿಯಿಂದ ಜಾಲತಾಣಕ್ಕೆ ಬಂದನೆಂಬುದು ಅಲ್ಲಿ ತಾನಾಗಿಯೇ ತುಂಬಿಕೊಳ್ಳುವಂತೆ ಮಾಡಬಹುದು. ಇದಕ್ಕೆ ಎರಡು ಹೆಜ್ಜೆಗಳಿವೆ.

ಮೊದಲ ಹೆಜ್ಜೆ, ನಾವು ಹೊರಗೆ ಹಂಚುವ ಪ್ರತಿಯೊಂದು ಕೊಂಡಿಗೂ ಗುರುತನ್ನು ಕಟ್ಟುವುದು. ಗೂಗಲ್ ಭೂಪಟದಲ್ಲಿ ಚಿಕಿತ್ಸಾಲಯದ ವಿವರದೊಳಗೆ ಜಾಲತಾಣದ ವಿಳಾಸ ಕೊಡುವ ಜಾಗದಲ್ಲಿ ಬರಿಯ ವಿಳಾಸದ ಬದಲು ಹೀಗೆ ಕೊಡಬೇಕು:

```
https://example.com/?utm_source=gmaps&utm_medium=listing
```

ಜಾಹೀರಾತಿನ ಕೊಂಡಿಯಲ್ಲಿ `utm_source=gads`, ವೈದ್ಯರಿಗೆ ಕೊಟ್ಟ ಚೀಟಿಯ ಕ್ಯೂ.ಆರ್. ಚೌಕದಲ್ಲಿ `utm_source=slip` ಎಂದು ಬರೆದರೆ ಸಾಕು. ಈ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು ಸದಾ ಸಣ್ಣ ಅಕ್ಷರಗಳಲ್ಲಿಯೇ ಬಳಸಬೇಕು. `gads` ಎಂಬುದೂ `Gads` ಎಂಬುದೂ ಮನುಷ್ಯನಿಗೆ ಒಂದೇ. ಯಂತ್ರಕ್ಕೆ ಅವು ಎರಡು ಬೇರೆ ಖಾತೆಗಳು.

ಎರಡನೆಯ ಹೆಜ್ಜೆ, ಆ ಗುರುತನ್ನು ಹಿಡಿದು ನಮೂನೆಯೊಳಗೆ ಇಳಿಸುವುದು. ಜಾಲತಾಣವನ್ನು ಮಾಡಿಕೊಟ್ಟವರಿಗೆ ಕೆಳಗಿನ ಕೆಲವು ಸಾಲುಗಳನ್ನು ತೋರಿಸಿದರೆ ಅವರಿಗೆ ಅರ್ಥವಾಗುತ್ತದೆ. ಮೊದಲ ಸಾಲು ನಮೂನೆಯೊಳಗೆ ಇರತಕ್ಕದ್ದು. ಉಳಿದ ಭಾಗವನ್ನು ಎಲ್ಲ ಪುಟಗಳ ಕೊನೆಯಲ್ಲಿಯೂ ಸೇರಿಸತಕ್ಕದ್ದು.

```html
<input type="hidden" name="source" id="source">

<script>
var p = new URLSearchParams(location.search);
var s = p.get("utm_source")
     || sessionStorage.getItem("src") || "none";
sessionStorage.setItem("src", s);
var f = document.getElementById("source");
if (f) f.value = s;
</script>
```

ಇದರ ಅರ್ಥ ಇಷ್ಟೇ: ವಿಳಾಸದಲ್ಲಿ ಗುರುತಿದ್ದರೆ ಅದನ್ನು ತೆಗೆದುಕೊ, ಇಲ್ಲದಿದ್ದರೆ ಇದೇ ಭೇಟಿಯಲ್ಲಿ ಮೊದಲು ನೆನಪಿಟ್ಟುಕೊಂಡದ್ದನ್ನು ತೆಗೆದುಕೊ, ಅದೂ ಇಲ್ಲವಾದರೆ ‘ಇಲ್ಲ’ ಎಂದು ಬರೆ. ನೆನಪಿಟ್ಟುಕೊಳ್ಳುವ ಸಾಲು ಏಕೆ ಬೇಕೆಂದರೆ, ಓದುಗನು ಮುಖಪುಟಕ್ಕೆ ಬಂದು, ಎರಡು ಪುಟಗಳನ್ನು ತಿರುವಿ, ಬಳಿಕ ನಮೂನೆಯ ಪುಟಕ್ಕೆ ಹೋಗುತ್ತಾನೆ; ಅಷ್ಟರಲ್ಲಿ ವಿಳಾಸದ ಬಾಲ ಉದುರಿಹೋಗಿರುತ್ತದೆ. ಈ ನೆನಪಿಗೂ ಮಿತಿಯುಂಟು. ಆ ಕಿಟಕಿಯನ್ನು ಮುಚ್ಚಿದೊಡನೆ ಅದು ಅಳಿಯುತ್ತದೆ. ಇಂದು ಕಚೇರಿಯಲ್ಲಿ ಜಾಹೀರಾತು ಒತ್ತಿ ನೋಡಿ, ನಾಳೆ ಮನೆಯಲ್ಲಿ ನಮೂನೆ ತುಂಬಿದವನು ‘ಇಲ್ಲ’ ಎಂಬ ಪಟ್ಟಿಗೆ ಸೇರುತ್ತಾನೆ.

ಹುಡುಕಾಟದ ಪುಟದಿಂದ ಹಣವಿಲ್ಲದೆ ತಾನಾಗಿಯೇ ಬಂದವರಿಗೆ ಯಾವ ಗುರುತೂ ಇರುವುದಿಲ್ಲವಾದುದರಿಂದ, ಅವರೂ ‘ಇಲ್ಲ’ ಎಂಬುದರಲ್ಲಿಯೇ ಬರುತ್ತಾರೆ. ಗೆಳೆಯರು ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳುಹಿಸುವಾಗ ಬಾಲದ ಸಮೇತ ಕಳುಹಿಸಿದರೆ, ಗೆಳೆಯರ ಮಾತಿನಿಂದ ಬಂದವನು ‘ಭೂಪಟ’ದಿಂದ ಬಂದಂತೆ ತೋರುತ್ತಾನೆ. ಆದುದರಿಂದ ನಮೂನೆಯ ಗುರುತು ಕೊನೆಯ ದಾರಿಯನ್ನು ಹೇಳುತ್ತದೆಯೇ ಹೊರತು ಮೊದಲ ಕಾರಣವನ್ನು ಹೇಳುವುದಿಲ್ಲ. ಆ ಕೆಲಸಕ್ಕೆ ಮನುಷ್ಯನೇ ಬೇಕು.

ಮೂರನೆಯದು: ನೋಟು ಪುಸ್ತಕ

ಮೇಜಿನ ಮೇಲೆ ಒಂದು ಉದ್ದನೆಯ ಪುಸ್ತಕ. ಅದರಲ್ಲಿ ಐದು ಅಂಕಣಗಳು. ದಿನಾಂಕ, ಬಂದ ಬಗೆ, ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಮೊದಲು ಎಲ್ಲಿ ಕೇಳಿದರು, ಏನಾಯಿತು. ಬಂದ ಬಗೆಗೆ ಒಂದೊಂದೇ ಅಕ್ಷರ ಸಾಕು: ಹಳೆಯ ಸಂಖ್ಯೆಗೆ ‘ಹ’, ಜಾಲತಾಣದ ಸಂಖ್ಯೆಗೆ ‘ಜ’, ವಾಟ್ಸಾಪಿಗೆ ‘ವಾ’, ನಮೂನೆಗೆ ‘ನ’.

ನಾಲ್ಕನೆಯ ಅಂಕಣವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಅದು ಕೆಡುವುದೂ ಅಷ್ಟೇ ಸುಲಭ. “ಜಾಲತಾಣ ನೋಡಿ ಫೋನ್ ಮಾಡಿದಿರಾ?” ಎಂದು ಕೇಳಿದರೆ ಬಹುಮಂದಿ “ಹೌದು” ಎಂದುಬಿಡುತ್ತಾರೆ; ನೋವಿನಲ್ಲಿರುವವರಿಗೆ ವಾದ ಬೇಡ. “ನಮ್ಮ ವಿಷಯ ತಮಗೆ ಮೊಟ್ಟಮೊದಲು ಹೇಗೆ ತಿಳಿಯಿತು?” ಎಂದು ತೆರೆದ ಪ್ರಶ್ನೆಯನ್ನು ಕೇಳಬೇಕು. ತೆಲುಗಿನಲ್ಲಾಗಲಿ ಹಿಂದಿಯಲ್ಲಾಗಲಿ ಕೇಳುವಾಗಲೂ ‘ಮೊಟ್ಟಮೊದಲು’ ಎಂಬ ಮಾತು ಬಿಟ್ಟುಹೋಗಬಾರದು. ಭೇಟಿಯ ವೇಳೆಯನ್ನು ಗೊತ್ತುಮಾಡಿಕೊಟ್ಟ ಮೇಲೆ, ಕರೆಯ ಕೊನೆಯಲ್ಲಿ ಕೇಳಬೇಕು. ಆರಂಭದಲ್ಲಿಯೇ ಕೇಳಿದರೆ ರೋಗಿಗೆ ಬೇಸರವಾದೀತು. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆಯಬೇಕು: “ಮೂಳೆ ಡಾಕ್ಟರು ಹೇಳಿದರು, ಆಮೇಲೆ ಗೂಗಲ್‌ನಲ್ಲಿ ನಂಬರ್ ನೋಡಿದೆ.” ಈ ಒಂದು ವಾಕ್ಯವನ್ನು ಸಹಾಯಕಿ ‘ಗೂಗಲ್’ ಎಂದು ಚುಟುಕಾಗಿ ಬರೆದರೆ, ವೈದ್ಯರು ಕಳುಹಿಸಿದ ರೋಗಿ ಜಾಹೀರಾತಿನ ಖಾತೆಗೆ ಜಮೆಯಾಗುತ್ತಾನೆ.

ಉತ್ತರ ಸಿಗದಿದ್ದರೆ ‘ತಿಳಿಯದು’ ಎಂದೇ ಬರೆಯಬೇಕು. ಬ್ಯಾಂಕಿನಲ್ಲಿ ಯಾವ ಖಾತೆಗೆ ಸೇರಬೇಕೆಂದು ಗೊತ್ತಾಗದ ಮೊತ್ತವನ್ನು ಅನಾಮತು ಖಾತೆಯಲ್ಲಿ ಇರಿಸುತ್ತೇವೆಯೇ ಹೊರತು, ತೋಚಿದವರ ಖಾತೆಗೆ ಜಮಾ ಮಾಡುವುದಿಲ್ಲ. ಇಲ್ಲಿಯೂ ಅದೇ ನಿಯಮ.

ರೋಗದ ವಿವರವನ್ನು ಈ ಪುಸ್ತಕದಲ್ಲಿ ಬರೆಯಕೂಡದು. ದಾರಿಯನ್ನು ತಿಳಿಯಲು ಅದು ಬೇಕಾಗಿಲ್ಲ. ಮೇಜಿನ ಮೇಲಿನ ಪುಸ್ತಕವನ್ನು ಯಾರು ಬೇಕಾದರೂ ತಿರುವಿ ನೋಡಬಹುದು. ಗಣಕಯಂತ್ರದಲ್ಲಿ ಇಡುವವರಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೊಂದಿದೆ ಎಂಬುದನ್ನು ಮರೆಯಬಾರದು. ಅವಶ್ಯವಿದ್ದಷ್ಟನ್ನೇ ಸಂಗ್ರಹಿಸಿ, ಕೆಲಸ ಮುಗಿದ ಮೇಲೆ ಅಳಿಸಿಬಿಡುವುದೇ ಸುರಕ್ಷಿತ ಮಾರ್ಗ.

ಪ್ರತಿ ಶನಿವಾರ ಸಂಜೆ ಕಾಲು ಗಂಟೆ ತಾಳೆ ನೋಡಬೇಕು. ದೂರವಾಣಿಯ ಪಟ್ಟಿಯಲ್ಲಿ 2ನೆಯ ಸಿಮ್‌ಗೆ 9 ಕರೆ ಬಂದಿದ್ದು ಪುಸ್ತಕದಲ್ಲಿ 6 ಇದ್ದರೆ, ಮೂರು ಎಲ್ಲಿ ಹೋದವು? ಬಹುಶಃ ಊಟದ ಹೊತ್ತಿನ ಅಥವಾ ರಾತ್ರಿಯ ಎತ್ತದ ಕರೆಗಳು. ಅವೂ ವಿಚಾರಣೆಗಳೇ, ಮರಳಿ ಕರೆ ಮಾಡಿ ಪುಸ್ತಕಕ್ಕೆ ಸೇರಿಸಬೇಕು. ಅದೇ ವೇಳೆಗೆ ಬೇರೊಂದು ದೂರವಾಣಿಯಿಂದ ಜಾಲತಾಣವನ್ನು ತೆರೆದು, ಅಲ್ಲಿ ಕಾಣುವ ಸಂಖ್ಯೆಗೆ ಒಂದು ಕರೆ ಮಾಡಿ, ಒಂದು ನಮೂನೆಯನ್ನು ಕಳುಹಿಸಿ, ಎಲ್ಲವೂ ಸರಿಯಾಗಿ ಬಂದು ಸೇರುತ್ತಿದೆಯೇ ಎಂದು ಪರೀಕ್ಷಿಸುವುದು ಒಳ್ಳೆಯದು.

ಎರಡು ತಿಂಗಳ ಲೆಕ್ಕ

ಈಗ ನಮ್ಮ ಉದಾಹರಣೆಗೆ ಮರಳೋಣ. ಎರಡು ತಿಂಗಳಲ್ಲಿ ಜಾಲತಾಣದ ಕಡೆಯಿಂದ 46 ದೂರವಾಣಿ ಕರೆಗಳು, 22 ವಾಟ್ಸಾಪ್ ಸಂದೇಶಗಳು, 31 ನಮೂನೆಗಳು, ಒಟ್ಟು 99 ಬಂದವು. ಜಾಹೀರಾತಿಗೆ ಎರಡು ತಿಂಗಳಲ್ಲಿ ಆದ ಖರ್ಚು 24,000. ಇದನ್ನು 99ರಿಂದ ಭಾಗಿಸಿದರೆ ಒಂದು ವಿಚಾರಣೆಗೆ 242 ರೂಪಾಯಿ ಬೀಳುತ್ತದೆ. ಒಬ್ಬ ರೋಗಿಯಿಂದ 6,000 ರೂಪಾಯಿ ಬರುವ ಕಡೆ ಇದು ಬಹಳ ಅಗ್ಗ. ಜಾಹೀರಾತನ್ನು 30,000ಕ್ಕೆ ಏರಿಸುವುದೇ ಸರಿ ಎನ್ನಿಸುತ್ತದೆ. ಈ ಹಂತದಲ್ಲಿಯೇ ಲೆಕ್ಕ ನಿಲ್ಲಿಸುವವರು ಬಹಳ.

ಆದರೆ ಮೊದಲು ಜಳ್ಳನ್ನು ತೂರಬೇಕು. 99ರಲ್ಲಿ 14 ಮಂದಿ ಏನನ್ನೋ ಮಾರಲು ಬಂದವರು. 5 ಮಂದಿ ಕೆಲಸ ಕೇಳಿದವರು. 12 ಮಂದಿ ಹಳೆಯ ರೋಗಿಗಳು. ಕಾರ್ಡು ಕಳೆದುಹೋದುದರಿಂದ ಜಾಲತಾಣದಲ್ಲಿ ಸಂಖ್ಯೆಯನ್ನು ಹುಡುಕಿಕೊಂಡವರು. ಇನ್ನು 16 ಪುನರಾವರ್ತನೆಗಳು: ನಮೂನೆ ತುಂಬಿ, ಹತ್ತು ನಿಮಿಷ ಕಾದು, ತಾಳ್ಮೆಗೆಟ್ಟು ದೂರವಾಣಿ ಮಾಡಿದವರು. ಪುಸ್ತಕದ ಮೂರನೆಯ ಅಂಕಣದಲ್ಲಿರುವ ಕೊನೆಯ ನಾಲ್ಕು ಅಂಕಿಗಳಿಂದ ಇವರು ಪತ್ತೆಯಾಗುತ್ತಾರೆ. ಇವೆಲ್ಲವನ್ನೂ ಕಳೆದರೆ ಉಳಿಯುವ ನಿಜವಾದ ಹೊಸ ವಿಚಾರಣೆಗಳು 52.

ಈ 52 ಮಂದಿ ಚಿಕಿತ್ಸಾಲಯದ ಹೆಸರನ್ನು ಮೊಟ್ಟಮೊದಲು ಕೇಳಿದ್ದು ಎಲ್ಲಿ? ನೋಟು ಪುಸ್ತಕವನ್ನೂ `A1`, `gads` ಗುರುತುಗಳನ್ನೂ ಜೊತೆಗಿಟ್ಟು ನೋಡಿದಾಗ ದೊರೆತ ಚಿತ್ರ ಹೀಗಿದೆ:

ವೈದ್ಯರು ಹೇಳಿ ಕಳುಹಿಸಿದವರು 15. ಅವರಲ್ಲಿ ಚಿಕಿತ್ಸೆ ಆರಂಭಿಸಿದವರು 9.
ಪರಿಚಯಸ್ಥರು, ಅಪಾರ್ಟ್‌ಮೆಂಟಿನ ನೆರೆಹೊರೆಯವರು ಹೇಳಿದ್ದರಿಂದ ಬಂದವರು 12, ಆರಂಭಿಸಿದವರು 7.
ಹುಡುಕಾಟದಲ್ಲಿ ತಾವಾಗಿಯೇ ಕಂಡವರು 13, ಆರಂಭಿಸಿದವರು 4.
ಹಣ ಕೊಟ್ಟ ಜಾಹೀರಾತಿನಿಂದ ಬಂದವರು 6, ಆರಂಭಿಸಿದವರು 1.
ತಿಳಿಯದು 6, ಆರಂಭಿಸಿದವರು 1.

ಜಾಹೀರಾತಿನ ಒಂದು ವಿಚಾರಣೆಗೆ ತಗುಲಿದ ವೆಚ್ಚ 242 ಅಲ್ಲ, 4,000 ರೂಪಾಯಿ. 24,000 ಖರ್ಚಿಗೆ ಬಂದ ಆದಾಯ 6,000. ಓವರ್‌ಡ್ರಾಫ್ಟಿನ ಮಾತು ಇಲ್ಲಿಗೆ ಮುಗಿದಂತೆಯೇ.

ಆದರೂ ಅವಸರದ ತೀರ್ಮಾನ ಸಲ್ಲದು. ಅನಾಮತು ಖಾತೆಯಲ್ಲಿ ಇನ್ನೂ 6 ಮಂದಿ ಉಳಿದಿದ್ದಾರೆ. ಅವರೆಲ್ಲರೂ ಜಾಹೀರಾತಿನಿಂದಲೇ ಬಂದವರೆಂದು ಜಾಹೀರಾತಿನ ಪರವಾಗಿ ಒಪ್ಪಿಕೊಂಡು ನೋಡೋಣ. ಆಗ ವಿಚಾರಣೆಗಳು 12, ಚಿಕಿತ್ಸೆ ಆರಂಭಿಸಿದವರು 2, ಆದಾಯ 12,000. ಆಗಲೂ ಖರ್ಚಿನ ಅರ್ಧವಷ್ಟೇ ಹಿಂದಕ್ಕೆ ಬಂದಿದೆ. ತಿಳಿಯದ್ದನ್ನೆಲ್ಲ ಎದುರುಪಕ್ಷಕ್ಕೆ ಕೊಟ್ಟರೂ ತೀರ್ಮಾನ ಬದಲಾಗದಿದ್ದರೆ ಆ ತೀರ್ಮಾನವನ್ನು ನಂಬಬಹುದು. ಬದಲಾಗುವುದಾದರೆ, ಇನ್ನೂ ಒಂದೆರಡು ತಿಂಗಳು ಲೆಕ್ಕ ಇಡಬೇಕು. ‘ತಿಳಿಯದು’ ಎಂಬ ಸಾಲು 6ರ ಬದಲು 26 ಇದ್ದಿದ್ದರೆ ಈ ಲೆಕ್ಕದಿಂದ ಏನನ್ನೂ ಹೇಳಲು ಸಾಧ್ಯವಾಗುತ್ತಿರಲಿಲ್ಲ. ಆದುದರಿಂದ ಸಹಾಯಕಿಯ ಆ ಒಂದು ಪ್ರಶ್ನೆಯ ಮೇಲೆ ಎಲ್ಲವೂ ನಿಂತಿದೆ.

ಹಾಗಾದರೆ ಜಾಲತಾಣವೇ ವ್ಯರ್ಥವೆ? ಅಲ್ಲ. ಹುಡುಕಾಟದಿಂದ ಬಂದ 4 ಮಂದಿ ರೋಗಿಗಳಿಂದ 24,000 ರೂಪಾಯಿ. ಎರಡು ತಿಂಗಳ ನಿರ್ವಹಣೆಯ ಖರ್ಚು 1,500. ಇನ್ನು ವೈದ್ಯರ ಮತ್ತು ಪರಿಚಯಸ್ಥರ ಮಾತು ಕೇಳಿ ಬಂದ 27 ಮಂದಿ ಏಕೆ ಜಾಲತಾಣದ ಸಂಖ್ಯೆಗೆ ಕರೆ ಮಾಡಿದರು? ಹೆಸರು ಕೇಳಿದ ಮೇಲೆ ದಾರಿ, ವೇಳೆ, ಸಂಖ್ಯೆ ಇವುಗಳಿಗಾಗಿ ಅದನ್ನು ತೆರೆದರು. ಅವರ ಪಾಲಿಗೆ ಜಾಲತಾಣವು ದೂರವಾಣಿ ಕೈಪಿಡಿಯಂತೆ ಕೆಲಸ ಮಾಡಿದೆ. ಕೈಪಿಡಿ ಇಲ್ಲದಿದ್ದರೆ ಅವರಲ್ಲಿ ಕೆಲವರು ದಾರಿ ತಪ್ಪಿ ಬೇರೆಡೆಗೆ ಹೋಗಬಹುದಿತ್ತು. ಆದರೆ ಅವರನ್ನು ಹೊರಡಿಸಿದ್ದು ಕೈಪಿಡಿಯಲ್ಲ, ವೈದ್ಯರ ಮಾತು. ನಮೂನೆಗಳನ್ನು ಮಾತ್ರ ಎಣಿಸಿದ್ದರೆ ಜಾಲತಾಣದ ಬೆಲೆ ಕಡಿಮೆಯಾಗಿ ಕಾಣುತ್ತಿತ್ತು. ದೂರವಾಣಿ ಸಂಖ್ಯೆಯನ್ನು ಮಾತ್ರ ನಂಬಿದ್ದರೆ ಅತಿಯಾಗಿ ಕಾಣುತ್ತಿತ್ತು. ಮೂರನ್ನೂ ಒಟ್ಟಿಗೆ ನೋಡಿದಾಗಲೇ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ.

ಹಳೆಯ ಸಂಖ್ಯೆಗೆ ಬಂದ ಹೊಸ ವಿಚಾರಣೆಗಳ ಕಡೆಗೂ ಒಮ್ಮೆ ನೋಡಬೇಕು. ಅವು 40, ಅವರಲ್ಲಿ 11 ಮಂದಿ “ಗೂಗಲ್‌ನಲ್ಲಿ ನೋಡಿದೆ” ಎಂದರು. ವಿಚಾರಿಸಿದಾಗ ಅವರು ನೋಡಿದ್ದು ಭೂಪಟದ ಮೇಲಿನ ಚಿಕಿತ್ಸಾಲಯದ ವಿವರ. ಅಲ್ಲಿಯೇ ಕರೆಯ ಗುಂಡಿಯನ್ನು ಒತ್ತಿದ್ದಾರೆ, ಜಾಲತಾಣವನ್ನು ತೆರೆದೇ ಇಲ್ಲ. ಜನಸಾಮಾನ್ಯರ ಬಾಯಲ್ಲಿ ಭೂಪಟ, ಹುಡುಕಾಟ, ಜಾಹೀರಾತು ಮೂರೂ ‘ಗೂಗಲ್’ ಎಂಬ ಒಂದೇ ಹೆಸರಾಗಿವೆ. ಭೂಪಟದ ವಿವರಕ್ಕೆ ಹಣ ಕೊಡಬೇಕಾಗಿಲ್ಲ ಎಂಬುದನ್ನು ನೆನೆದರೆ, ಈ ಮೂರನ್ನು ಬೇರ್ಪಡಿಸುವ ಪ್ರಯೋಜನ ತಿಳಿಯುತ್ತದೆ.

ಲೆಕ್ಕ ಕೆಡುವ ಬಗೆ

ಕಾಲ ಕಳೆದಂತೆ ಪ್ರತ್ಯೇಕ ಸಂಖ್ಯೆಯು ತನ್ನ ಪ್ರತ್ಯೇಕತೆಯನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ಸಂತುಷ್ಟನಾದ ರೋಗಿಯೊಬ್ಬ ಜಾಲತಾಣದ ಸಂಖ್ಯೆಯನ್ನೇ ತನ್ನ ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಹಾಕುತ್ತಾನೆ. ಸಹಾಯಕಿ ಆ ಸಂಖ್ಯೆಯಿಂದಲೇ ಹಳೆಯ ರೋಗಿಗಳಿಗೆ ಕರೆ ಮಾಡುತ್ತಾಳೆ. ಅವರು ಅದನ್ನೇ ಉಳಿಸಿಕೊಳ್ಳುತ್ತಾರೆ. ಆಗ ಜಾಲತಾಣವನ್ನು ನೋಡದವರ ಕರೆಗಳು ಅದರ ಲೆಕ್ಕಕ್ಕೆ ಸೇರತೊಡಗುತ್ತವೆ. ಜಾಲತಾಣಕ್ಕೆ ಭೇಟಿ ಕೊಟ್ಟವರ ಎಣಿಕೆ ಹಾಗೆಯೇ ಇದ್ದು ‘ಜ’ ಕರೆಗಳು ಮಾತ್ರ ಏರುತ್ತಿದ್ದರೆ ಈ ಸೋರಿಕೆ ಆರಂಭವಾಗಿದೆ ಎಂದು ತಿಳಿಯಬೇಕು. ಹೊರಹೋಗುವ ಕರೆಗಳನ್ನೆಲ್ಲ ಹಳೆಯ ಸಂಖ್ಯೆಯಿಂದಲೇ ಮಾಡುವುದು ಇದಕ್ಕೆ ಸುಲಭವಾದ ತಡೆ. ಸೋರಿಕೆ ಹೆಚ್ಚಾದರೆ, ಆ ಸಂಖ್ಯೆಯನ್ನು ಬಿಡದೆ ಇಟ್ಟುಕೊಂಡು, ಜಾಲತಾಣಕ್ಕೆ ಇನ್ನೊಂದು ಸಂಖ್ಯೆಯನ್ನು ಕೊಡಬಹುದು.

ಎಣಿಕೆಗಿಂತಲೂ ಬಲವಾದ ಇನ್ನೊಂದು ಪರೀಕ್ಷೆಯುಂಟು. ಜಾಹೀರಾತನ್ನು ಒಂದು ತಿಂಗಳು ನಿಲ್ಲಿಸಿ, ಎರಡೂ ಸಂಖ್ಯೆಗಳ ಮತ್ತು ನಮೂನೆಗಳ ಒಟ್ಟು ಹೊಸ ವಿಚಾರಣೆಗಳು ಕಡಿಮೆಯಾಗುವವೇ ಎಂದು ನೋಡುವುದು. ಮೇಲಿನ ಲೆಕ್ಕದಂತೆ ತಿಂಗಳಿಗೆ ಹೊಸ ವಿಚಾರಣೆಗಳು 46. ಅವು 43ಕ್ಕೆ ಇಳಿದರೆ ಪುಸ್ತಕ ಸರಿಯಾಗಿದೆ ಎಂದಾಯಿತು. 30ಕ್ಕೆ ಇಳಿದರೆ, ಜಾಹೀರಾತನ್ನು ನೋಡಿಯೂ ಬೇರೆ ದಾರಿಯಿಂದ ಬಂದವರು ಬಹಳ ಮಂದಿ ಇದ್ದರು, ನಮ್ಮ ಗುರುತುಗಳು ಅವರನ್ನು ಹಿಡಿಯಲಿಲ್ಲ ಎಂದು ಅರ್ಥ. ಆದರೆ ಇಂತಹ ಸಣ್ಣ ಸಂಖ್ಯೆಗಳು ಯಾವ ಕಾರಣವಿಲ್ಲದೆಯೂ ತಿಂಗಳಿಂದ ತಿಂಗಳಿಗೆ ಐದಾರು ಮೇಲೆ ಕೆಳಗೆ ಆಗುತ್ತಲೇ ಇರುತ್ತವೆ. ಅಂತಹ ಏರಿಳಿತಕ್ಕೆ ಅರ್ಥ ಕಟ್ಟಬಾರದು. ಈ ಪರೀಕ್ಷೆಗೆ ಸಂಕ್ರಾಂತಿಯ ತಿಂಗಳನ್ನಾಗಲಿ ದಸರೆಯ ತಿಂಗಳನ್ನಾಗಲಿ ಆರಿಸಕೂಡದು. ಹಬ್ಬಕ್ಕೆ ಊರಿಗೆ ಹೊರಟವರಿಂದ ಹೈದರಾಬಾದಿನ ರಸ್ತೆಗಳೇ ಬರಿದಾಗುವ ಸಮಯದಲ್ಲಿ, ಕರೆ ಕಡಿಮೆಯಾದುದಕ್ಕೆ ಜಾಹೀರಾತನ್ನು ಹೊಣೆ ಮಾಡಲಾಗದು.

ನಮ್ಮ ಉದಾಹರಣೆಯ ಒಡತಿಗೆ ಈ ಲೆಕ್ಕದಿಂದ ಕಾಣುವ ದಾರಿ ಇಷ್ಟು: ಸಾಲದ ಅರ್ಜಿಯನ್ನು ಸದ್ಯಕ್ಕೆ ಬದಿಗಿರಿಸುವುದು, ಹಬ್ಬವಿಲ್ಲದ ಒಂದು ತಿಂಗಳು ಜಾಹೀರಾತನ್ನು ನಿಲ್ಲಿಸಿ ಪುಸ್ತಕವನ್ನು ಮುಂದುವರಿಸುವುದು, ಹೆಚ್ಚು ರೋಗಿಗಳನ್ನು ಕಳುಹಿಸುತ್ತಿರುವ ವೈದ್ಯರಿಗೆ ವಿಳಾಸ, ವೇಳೆ, ಹಳೆಯ ಸಂಖ್ಯೆ ಮುದ್ರಿಸಿದ ಚೀಟಿಗಳನ್ನು ಒದಗಿಸುವುದು, ಜಾಲತಾಣದ ಮುಖಪುಟದಲ್ಲಿ ದಾರಿ ಮತ್ತು ವೇಳೆಯನ್ನು ಎಲ್ಲಕ್ಕಿಂತ ಮೇಲೆ ಇರಿಸುವುದು, ಏಕೆಂದರೆ ಬಹುಮಂದಿ ಅದನ್ನು ತೆರೆಯುವುದು ಅದಕ್ಕಾಗಿಯೇ. ಅಡುಗೆ ಪದಾರ್ಥಗಳನ್ನು ಮನೆಮನೆಗೆ ಕಳುಹಿಸುವವರು, ಸಂಗೀತ ಪಾಠ ಹೇಳುವವರು, ಲೆಕ್ಕಪತ್ರ ಬರೆದುಕೊಡುವವರು ಇದೇ ಐದು ಅಂಕಣಗಳ ಪುಸ್ತಕವನ್ನು ಹಾಗೆಯೇ ಬಳಸಬಹುದು. ಕೊನೆಯ ಅಂಕಣದಲ್ಲಿ ‘ಚಿಕಿತ್ಸೆ’ ಎಂಬ ಕಡೆ ‘ಆರ್ಡರ್’ ಎಂದೋ ‘ಸೇರಿದರು’ ಎಂದೋ ಬರೆದುಕೊಂಡರಾಯಿತು.